ಕಾಕಾನ ನೋಟ್‌ಬುಕ್ಕೂ ನನ್ನ ಪುಣೆಯೂ

ನನಗೆ ಮೊದಲಿಂದಲೂ ತಾಳ್ಮೆ ಕಡಿಮೆ. ನಮ್ಮವ್ವ ಇದನ್ನು ಬಂದ ನೆಂಟರಿಗೆಲ್ಲ ಹೇಳಿ ನನ್ನ ಮಾನ ಕಳೆದಿದ್ದಾಳೆ. ಅಂಥವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬೆಳಗಾವಿಯ ಉದ್ಯಮಬಾಗದಲ್ಲಿ ನನಗಿಂತ ವಯಸ್ಸಾದ ಮಶೀನುಗಳ ರಿಪೇರಿಗೆ ಸೇರಿಕೊಂಡೆ. ಮುದಿ ಮಶೀನುಗಳಿಗೆ ಸಿಡುಕು ತೋರಿಸಿದರೆ ಅವು ಇನ್ನಷ್ಟು ಹಟ ಮಾಡುತ್ತವೆ ಎಂದು ಕಲಿಯಲು ನಾಲ್ಕು ವರ್ಷ ಹಿಡಿಯಿತು.

ನಮ್ಮ ಮಾಲೀಕರದು ಲೋಹ ಕಡೆಯುವ, ಕಂಪ್ಯೂಟರ್ ಕಂಟ್ರೋಲಿನ ಲೇಥುಗಳನ್ನು ದುರಸ್ತಿ ಮಾಡುವ ಸಣ್ಣ ಆಫೀಸು. ಹೊಸ ಮಶೀನುಗಳಿಗೆ ಲ್ಯಾಪ್‌ಟಾಪ್ ಹಿಡಿದ ಹುಡುಗರು ಹೋಗುತ್ತಿದ್ದರು. ಹಸಿರು ಅಕ್ಷರದ ಪುಟ್ಟ ಪರದೆಯ ಹಳೇ ಕಂಟ್ರೋಲುಗಳಿಗೆ ಮಾತ್ರ ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು. ಅರವತ್ತು ದಾಟಿದ, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ತೆಳ್ಳನೆಯ ಮನುಷ್ಯ. ಆ ಕಂಟ್ರೋಲುಗಳನ್ನು ಬಲ್ಲವರು ಸುತ್ತಮುತ್ತ ಅವರೊಬ್ಬರೇ ಉಳಿದಿದ್ದರು. ನಾನು ಅವರ ಜೊತೆ ಹೋಗುತ್ತಿದ್ದೆ, ಬೋಲ್ಟು ಬಿಚ್ಚುತ್ತಿದ್ದೆ, ಫ್ಯೂಸು ನೋಡುತ್ತಿದ್ದೆ. ಮುಖ್ಯವಾದ ಘಳಿಗೆ ಬಂದಾಗ ಅವರು ಖಾಕಿ ರಟ್ಟು ಹಾಕಿದ ನೋಟ್‌ಬುಕ್ಕನ್ನು ಚೀಲದಿಂದ ತೆಗೆದು, ನನಗೆ ಬೆನ್ನು ಮಾಡಿ ನಿಂತು ಕೀ ಒತ್ತುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದಂತೆ ಉತ್ತರ ಬರೆಯುವ ಹುಡುಗನ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ದಸರಾಕ್ಕೆ ಮೊದಲು ಮಾಲೀಕರು ನನ್ನನ್ನು ಒಳಗೆ ಕರೆದರು. ಪುಣೆಯಲ್ಲಿ ರೋಬೋಟಿನ ಪ್ರೋಗ್ರಾಮಿಂಗ್ ಕಲಿಸುತ್ತಾರೆ, ಮೂರು ತಿಂಗಳು, ಒಬ್ಬರನ್ನು ಕಳಿಸಬಹುದು ಎಂದರು.

"ಹೋದ್ರ ಮುಂದ ನಿಮಗ ಹೊಸಾ ಕೆಲಸನ. ಹೋಗೂದಿಲ್ಲಂದ್ರ ಕಾಕಾನ ಕೆಲಸ ಪೂರ್ತಿ ನೀವ ಹಿಡೀರಿ, ಅವರದೂ ವಯಸ್ಸಾತು. ಎರಡೂ ದೋಣ್ಯಾಗ ಕಾಲಿಡಬ್ಯಾಡ್ರಿ. ದಸರಾ ಮುಗದ ಸೋಮವಾರ ಹೇಳ್ರಿ."

ಯೋಚಿಸುವುದೇನಿತ್ತು? ಹಳೇ ಮಶೀನುಗಳು ವರ್ಷಕ್ಕಿಷ್ಟು ಗುಜರಿಗೆ ಹೋಗುತ್ತಿದ್ದವು. ಅವುಗಳ ಬೋರ್ಡು ಸುಟ್ಟರೆ ಇನ್ನೊಂದು ಸತ್ತ ಮಶೀನಿನಿಂದ ಕಿತ್ತು ತರಬೇಕು. ಅದನ್ನೇ ನಂಬಿ ಕೂತರೆ, ನನಗೆ ನಲವತ್ತಾಗುವಾಗ ನನ್ನ ವಿದ್ಯೆಗೆ ಮಶೀನೇ ಇರಲಿಕ್ಕಿಲ್ಲ. ಪುಣೆಗೆ ಹೋಗುತ್ತೇನೆಂದು ಕಾಕಾನಿಗೆ ಹೇಳಿದೆ. ಅವರು ಚಹಾ ಆರಿಸುತ್ತ, "ಹೋಗ ತಂಗಿ, ಛಲೋ ಆತು" ಎಂದರು. ಬೇಡ ಎಂದು ಒಂದು ಮಾತಿಗಾದರೂ ಅನ್ನಲಿ ಎಂಬ ಆಸೆ ನನ್ನೊಳಗೆ ಇತ್ತೆಂದು ಆಗಲೇ ಗೊತ್ತಾದದ್ದು. ಬಹಳ ಕೆಟ್ಟದೆನಿಸಿತು.

ದಸರಾದ ಮರುದಿನ ಖಾನಾಪುರದಿಂದ ಫೋನು ಬಂತು. ಅಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಒಂದು ಸಣ್ಣ ಶೆಡ್ಡು. ಸೆಕೆಂಡ್ ಹ್ಯಾಂಡ್ ಕೊಂಡ ಒಂದೇ ಒಂದು ಹಳೇ ಲೇಥು, ಅದರಲ್ಲಿ ನೀರಿನ ಪಂಪಿಗೆ ಬೇಕಾದ ಬುಶ್ಶು ಎಂಬ ಲೋಹದ ಬಳೆಗಳನ್ನು ಮಾಡುತ್ತಾರೆ. ಗಂಡ ಮಾಲು ತಂದು ಮುಟ್ಟಿಸುತ್ತಾರೆ, ಮಶೀನು ನಡೆಸುವುದು ಹೆಂಡತಿ. ನನ್ನ ಸ್ಕೂಟರಿನ ಹಿಂದೆ ಕಾಕಾನನ್ನು ಕೂರಿಸಿಕೊಂಡು ಹೋದೆ. ಶೆಡ್ಡಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಬಾಡಿರಲಿಲ್ಲ. ಲೇಥಿಗೆ ಚೆಂಡುಹೂವಿನ ಹಾರ, ಬಾಗಿಲಿಗೆ ವಿಭೂತಿ ಪಟ್ಟೆ. ಪರದೆಯ ತುಂಬ ದೋಷ ಹೇಳುವ ಅಲಾರಮ್ಮು.

"ನಾವೇನೂ ಮಾಡಿಲ್ರೀ ಕಾಕಾ, ಪೂಜಿ ಮಾಡೀವಷ್ಟ" ಎಂದರು ಆಕೆ. ಅತ್ತು ಅತ್ತು ಮುಖ ಕೆಂಪಾಗಿತ್ತು.

ಕೇಳುತ್ತ ಹೋದಂತೆ ಕಥೆ ಹೊರಬಿತ್ತು. ಈ ಕಂಟ್ರೋಲುಗಳು ಕರೆಂಟು ಇಲ್ಲದಾಗ ತಮ್ಮ ನೆನಪನ್ನು ಮೂರು ದೊಡ್ಡ ಟಾರ್ಚು ಸೆಲ್ಲುಗಳ ಬಲದಿಂದ ಉಳಿಸಿಕೊಳ್ಳುತ್ತವೆ. ಸೆಲ್ಲು ಇಳಿದಿದೆ ಎಂದು ಪರದೆ ಒಂದು ವಾರದಿಂದ ಮಿನುಗುತ್ತಿತ್ತು. ಆಕೆ ಹೊಸ ಸೆಲ್ಲು ತಂದಿದ್ದರು. ಅಷ್ಟರಲ್ಲಿ ಖಂಡೇ ಪೂಜೆ, ಅಂದರೆ ದಸರಾದ ಆಯುಧ ಪೂಜೆ, ಬಂತು. ಮೇನ್ ಬಂದ್ ಮಾಡಿ, ಮಶೀನು ಒರೆಸಿ, ಹಳೇ ಸೆಲ್ಲು ತೆಗೆದು ಅವುಗಳ ಡಬ್ಬಿಯನ್ನು ತೊಳೆದಷ್ಟು ಚೊಕ್ಕ ಮಾಡಿದರು. ಹೊಸ ಸೆಲ್ಲುಗಳನ್ನು ತಾಟಿನಲ್ಲಿಟ್ಟು, ಅರಿಷಿಣ ಕುಂಕುಮ ಹಚ್ಚಿ, ರಾತ್ರಿಯೆಲ್ಲ ದೇವರ ಮುಂದೆ ಇಟ್ಟು, ಮರುದಿನ ಬೆಳಿಗ್ಗೆ ಹಾಕಿದರು.

"ಹೊಸಾ ವಸ್ತು ಪೂಜಿ ಇಲ್ಲದ ಹ್ಯಾಂಗ ಹಾಕೂದ್ರೀ?"

ನಾನು ಸಿಡುಕಲು ಬಾಯಿ ತೆರೆದಿದ್ದೆ. ಕರೆಂಟೂ ಇಲ್ಲ, ಸೆಲ್ಲೂ ಇಲ್ಲ, ಅಷ್ಟು ಹೊತ್ತಿನಲ್ಲಿ ಎಲ್ಲ ಅಳಿಸಿಹೋಗಿತ್ತು. ಲೋಹ ಕೊರೆಯುವ ಹತ್ಯಾರ ಎಲ್ಲಿಯವರೆಗೆ ಓಡಬೇಕು, ಯಾವ ದಿಕ್ಕಿಗೆ, ಯಾವ ವೇಗದಲ್ಲಿ, ಎಲ್ಲ ನಂಬರೂ. ಕಾಕಾ ನನ್ನತ್ತ ಒಮ್ಮೆ ನೋಡಿದರು, ನಾನು ಬಾಯಿ ಮುಚ್ಚಿದೆ. "ಪೂಜಿ ಛಲೋ ಮಾಡೀರವ್ವಾ. ಸೆಲ್ ಬದಲಿ ಮಾಡೂ ಮುಂದ ಕರೆಂಟ್ ಚಾಲೂ ಇರಬೇಕಿತ್ತು, ಅಷ್ಟ" ಎಂದರು. ಆಕೆಯ ಕಣ್ಣು ತುಂಬಿದವು. ಬೈಸಿಕೊಳ್ಳಲು ಸಿದ್ಧರಾಗಿ ನಿಂತಿದ್ದರು ಪಾಪ.

ಮಶೀನು ಕಾರ್ಖಾನೆಯಲ್ಲಿ ತಯಾರಾದಾಗ ಆ ನಂಬರುಗಳನ್ನು ಅಚ್ಚು ಹಾಕಿದ ಹಾಳೆಯನ್ನು ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿಸಿರುತ್ತಾರೆ. ಬಾಗಿಲು ತೆಗೆದರೆ ಅಲ್ಲಿ ಲಕ್ಷ್ಮಿ ಇದ್ದಳು. ವರ್ಷವರ್ಷವೂ ಅಂಟು ಹಚ್ಚಿ ಒಂದರ ಮೇಲೊಂದು ಕ್ಯಾಲೆಂಡರಿನ ದೇವಿ. ಉಗುರಿನಿಂದ ಎಬ್ಬಿಸಿದೆ, ಹಾಳೆ ಚಿಂದಿಯಾಗಿ ಅವಳ ಬೆನ್ನಿಗೇ ಹತ್ತಿಕೊಂಡು ಬಂತು.

ಇನ್ನು ಉಳಿದದ್ದು ಕಾಕಾನ ನೋಟ್‌ಬುಕ್ಕು. ಅವರು ಎಂದಿನಂತೆ ಬೆನ್ನು ತಿರುಗಿಸಿ ನಿಂತರು. ಪುಟವನ್ನು ಕಣ್ಣಿಗೆ ಹತ್ತಿರ ಒಯ್ದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಹೋದರು. ಆಮೇಲೆ ಬಂದು ನೋಟ್‌ಬುಕ್ಕನ್ನು ನನ್ನ ಕೈಯಲ್ಲಿಟ್ಟರು. "ಕಣ್ಣಾಗ ಪೊರಿ ಬಂದೈತಿ. ನೀನ ನೋಡು."

ನಾಲ್ಕು ವರ್ಷ ಆಸೆಪಟ್ಟದ್ದು ಕೈಗೆ ಬಂದಾಗ ನನಗೆ ಖುಷಿಯಾಗಲಿಲ್ಲ. ಮಶೀನಿಗೊಂದು ಹಾಳೆ, ಪೆನ್ಸಿಲ್ಲಿನಲ್ಲಿ ಸಾಲು ಸಾಲು ನಂಬರು. ಮಗ್ಗುಲಲ್ಲಿ ಸಣ್ಣ ಟಿಪ್ಪಣಿಗಳು: 'ಇವರ ನಾಯಿ ಕಡೀತೈತಿ.' 'ಮಗಳ ಲಗ್ನ ಆತು.' ಖಾನಾಪುರದ ಹಾಳೆಯಲ್ಲಿ: 'ಈಕಿ ಕೈ ಛಲೋ ಐತಿ.' ಅದನ್ನು ಆಕೆಗೂ ತೋರಿಸಿದೆ.

ಆಕೆ ಓದಿದರು, ನಾನು ಕೀ ಒತ್ತಿದೆ. ಕಾಕಾ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿದರು. ಕೆಲವು ಸಾಲುಗಳಲ್ಲಿ ಬರೀ ಸೊನ್ನೆ ಮತ್ತು ಒಂದು, ಸಾಲಿಗೆ ಎಂಟೆಂಟು ಅಂಕಿ. ಅದರಲ್ಲೂ ನಡುವೆ ಕೈ ಎತ್ತಿ, "ತಡೀ, ಅಲ್ಲಿ ಒಂದು ಬರಬೇಕು" ಎನ್ನುತ್ತಿದ್ದರು. ನೋಡಿದರೆ ಆಕೆ ಒಂದು ಸಾಲು ಹಾರಿಸಿರುತ್ತಿದ್ದರು. ಮಧ್ಯಾಹ್ನ ಅಲ್ಲೇ ರೊಟ್ಟಿ ತಿಂದೆವು. ಮೂರು ಗಂಟೆಗೆ ಮಶೀನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಅಲಾರಮ್ಮು ಹೋಗಿತ್ತು. ಆದರೆ ಮಾಡಿದ ಬುಶ್ಶು ಅಳತೆಗೆ ಕೂಡಲಿಲ್ಲ.

"ಮೊದಲೂ ಹಿಂಗ ಬರತಿತ್ರೀ. ನಾ ಹತ್ಯಾರದ ಅಳತ್ಯಾಗ ಒಂದೀಟು ಹೆಚ್ಚು ಕಮ್ಮಿ ಹಾಕಿ ಹೊಂದಿಸ್ಕೊಂತಿದ್ದೆ" ಎಂದರು ಆಕೆ.

ನನಗೆ ತಟ್ಟನೆ ಹೊಳೆಯಿತು. ಹತ್ಯಾರವನ್ನು ಓಡಿಸುವ ಸ್ಕ್ರೂ ಸವೆದಷ್ಟೂ ದಿಕ್ಕು ಬದಲಿಸುವಾಗ ಪ್ಲೇ, ಅಂದರೆ ಸಡಿಲು, ಬರುತ್ತದೆ. ಅದೆಷ್ಟು ಎಂಬ ನಂಬರನ್ನೂ ಮಶೀನಿಗೆ ಕೊಟ್ಟಿರಬೇಕು. ಕಾಕಾ ಹನ್ನೊಂದು ಮೈಕ್ರಾನ್ ಎಂದು ಬರೆದಿದ್ದರು. ಅದು ಎಷ್ಟು ವರ್ಷ ಹಿಂದಿನ ಮಾತೋ! ನಾನು ಆ ನಂಬರನ್ನು ಸೊನ್ನೆ ಮಾಡಿ, ಕೂದಲೆಳೆಯಷ್ಟು ಸರಿದರೂ ತೋರಿಸುವ ಡಯಲ್ ಗೇಜ್ ಹಚ್ಚಿ, ಒಂದೇ ದಿಕ್ಕಿನಿಂದ ಬಂದು ಮುಳ್ಳನ್ನು ಸೊನ್ನೆಗೆ ತಂದೆ. ಇನ್ನಷ್ಟು ಮುಂದೆ ಹೋಗಿ ಅಷ್ಟೇ ಹಿಂದೆ ಬಂದೆ. ಮುಳ್ಳು ಸೊನ್ನೆಗೆ ಮರಳಲಿಲ್ಲ, ಇಪ್ಪತ್ತಾರು ಮೈಕ್ರಾನ್ ಈಚೆಗೇ ನಿಂತಿತು. ನಾಲ್ಕು ಸಲ ನೋಡಿದೆ, ಅಷ್ಟೇ.

"ಕಾಕಾ, ನೀವು ಬರದದ್ದು ಈಗ ಸರಿ ಇಲ್ರೀ" ಎಂದೆ. ಹೇಳುವಾಗ ನನ್ನ ದನಿ ಸಣ್ಣದಾಗಿತ್ತು.

ಅವರು ಎದ್ದು ಬಂದು ಮಶೀನಿನ ಮೇಲೆ ಅಂಗೈ ಇಟ್ಟರು. "ಇದಕ್ಕೂ ವಯಸ್ಸಾತಲ್ಲ" ಎಂದು ನಕ್ಕರು. "ನಿಂದ ಹಾಕು."

ಇಪ್ಪತ್ತಾರು ಹಾಕಿದ ಮೇಲೆ ಬಂದ ಬುಶ್ಶನ್ನು ಆಕೆ ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿ, ನಂಬದೆ, ಮತ್ತೊಂದು ಮಾಡಿ ನೋಡಿದರು. ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷ ಅದು ತಮ್ಮ ಕೈಯ ತಪ್ಪೆಂದೇ ತಿಳಿದಿದ್ದರಂತೆ.

ಹಿಂದಿರುಗುವಾಗ ದಾರಿಯಲ್ಲಿ ಚಹಾಕ್ಕೆ ನಿಂತೆವು. ಕಾಕಾ ಕಪ್ಪನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನಿನಗ ಒಂದು ಹೇಳತೀನಿ. ಹೊಸಾ ಕಂಟ್ರೋಲ್ ಬಂದಾಗ ನನ್ನನ್ನೂ ಕಲಿಯಾಕ ಕಳಸತೀನಿ ಅಂದಿದ್ರು. ನಾ ಹೋಗಲಿಲ್ಲ. ಹಳೇದರ ಮ್ಯಾಲಿನ ಪ್ರೀತಿ ಅಂತ ಎಲ್ಲಾರೂ ತಿಳದ್ರು. ಪ್ರೀತಿ ಎಲ್ಲಿದು, ಅಂಜಿದ್ದೆ. ಆಮ್ಯಾಲೆ ಇದನ್ನೂ ಯಾರಿಗೂ ಕಲಸಲಿಲ್ಲ. ಕಲಸಿದ್ರ ನನ್ನ ಯಾರು ಕರೀತಾರು ಅಂತ. ನೀ ನನ್ನ ಮುಖಾ ನೋಡಿ ಉಳೀಬ್ಯಾಡ. ಅಂಜೀನೂ ಉಳೀಬ್ಯಾಡ. ಪುಣೆಕ್ಕ ಹೋಗು."

ಇಡೀ ಭಾನುವಾರ ನಾನು ನನ್ನನ್ನೇ ಜರಡಿ ಹಿಡಿದೆ. ಅಂಜಿಕೆ ಇತ್ತು, ಸುಳ್ಳೇಕೆ ಹೇಳಲಿ? ಪುಣೆಯ ಇಂಗ್ಲಿಷಿನ ಅಂಜಿಕೆ, ಇಪ್ಪತ್ತರ ಹುಡುಗರ ನಡುವೆ ಹಿಂದೆ ಬೀಳುವ ಅಂಜಿಕೆ. ಉಳಿದರೂ ಅಂಜಿಕೆ ತಪ್ಪಿದ್ದಲ್ಲ. ಹತ್ತು ವರ್ಷಕ್ಕೆ ಈ ಕೆಲಸವೇ ಇರದಿದ್ದರೆ? ಎರಡೂ ಕಡೆಯಿಂದ ಅಂಜಿಕೆಯನ್ನು ಕಳೆದು ನೋಡಿದಾಗ ಪುಣೆಯ ಕಡೆ ಏನೂ ಉಳಿಯಲಿಲ್ಲ. ಇನ್ನೊಂದು ಕಡೆ, ಹೊಸ ಮಶೀನು ಎಂದೂ ಕೊಳ್ಳಲಾರದ, ಕೈ ಒಳ್ಳೆಯದಿದ್ದೂ ತನ್ನನ್ನೇ ಬೈದುಕೊಳ್ಳುತ್ತಿದ್ದ ಒಬ್ಬ ಹೆಂಗಸು ಉಳಿದಳು.

ಸೋಮವಾರ ಮಾಲೀಕರಿಗೆ ಬೇಡ ಎಂದೆ. ಅವರು ಭುಜ ಕುಣಿಸಿ, ನನ್ನ ಜಾಗಕ್ಕೆ ಬೇರೆಯವನ ಹೆಸರು ಬರೆದುಕೊಂಡರು. ಕಾಕಾನಿಗೆ ಹೇಳಿದಾಗ ಅವರು ನೋಟ್‌ಬುಕ್ಕನ್ನು ತಾವಾಗಿ ಮುಂದೆ ಮಾಡಿದರು. ನಾನು ಕೂಡಲೇ ತೆಗೆದುಕೊಳ್ಳಲಿಲ್ಲ.

"ಒಂದು ಮಾತೈತ್ರೀ ಕಾಕಾ. ಇದು ನನ್ನ ಚೀಲದಾಗ ಮುಚ್ಚಿ ಇರೂದಿಲ್ಲ. ಪ್ರತಿ ಮಶೀನಿನ ನಂಬರು ಆ ಮಶೀನಿನ ಮಾಲಕರ ಕಡೆ ಇರಬೇಕು. ಸೆಲ್ ಬದಲಿ ಮಾಡೂದನ್ನ ಅವರಿಗೇ ಕಲಸತೀನಿ."

"ಆಮ್ಯಾಲೆ ನಮ್ಮನ್ನ ಯಾರು ಕರೀತಾರು?"

ಕಾಕಾ ನೋಟ್‌ಬುಕ್ಕನ್ನು ಮತ್ತೆ ತಮ್ಮ ಚೀಲಕ್ಕೆ ಸೇರಿಸಿದರು. ಅವರು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಎಂಟನೆಯ ದಿನ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು ತಾವೇ ಸ್ಕೂಟರಿನ ಹಿಂದೆ ಹತ್ತಿ ಕೂತರು. ಅಲ್ಲಿಂದ ಒಂದು ವರ್ಷ ನಾವು ಊರೂರು ತಿರುಗಿದೆವು. ನಾನು ಹಳೇ ಮಶೀನುಗಳ ಇಪ್ಪತ್ತೈದು ಪಿನ್ನಿನ ಪೋರ್ಟಿಗೆ ಹೊಂದುವ ಕೇಬಲ್ಲು ಬೆಸೆದುಕೊಂಡು ನಂಬರುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿದೆ. ಪೋರ್ಟು ಕೆಟ್ಟಲ್ಲಿ ಕಾಕಾ ಹೇಳಿದಂತೆ ಒಂದೊಂದೇ ನಂಬರನ್ನು ಪರದೆಗೆ ತಂದು ದಪ್ಪ ಅಕ್ಷರದಲ್ಲಿ ಬರೆದೆ. ಕರೆ ಬರುವುದು ಖರೇನೇ ಕಡಿಮೆಯಾಯಿತು. ಪುಣೆಗೆ ಹೋದ ಹುಡುಗ ಹೊಸ ಬೈಕು ಕೊಂಡ. ನಾನು ತಪ್ಪು ಮಾಡಿದೆನೇನೋ ಎನಿಸಿದ ದಿನಗಳೂ ಇದ್ದವು.

ಮುಂದಿನ ಖಂಡೇ ಪೂಜೆಗೆ ಎರಡು ದಿನ ಮೊದಲು ಖಾನಾಪುರದಿಂದ ಫೋನು ಬಂತು. ಕಾಕಾ ಪಕ್ಕದಲ್ಲೇ ಇದ್ದರು, ಸ್ಪೀಕರಿಗೆ ಹಾಕಿದೆ.

"ಸೆಲ್ ಬದಲಿ ಮಾಡೀನ್ರೀ, ಕರೆಂಟ್ ಚಾಲೂ ಇಟ್ಟ. ಸೆಲ್ಲಿನ ಪೂಜಿ ಮೊದಲ ಮಾಡಿದ್ದೆ. ಮಶೀನು ಛಲೋ ಐತಿ."

ಕಾಕಾ ನನ್ನತ್ತ ನೋಡಿದರು. ಅವರ ಮುಖದಲ್ಲಿ ಆ ಹಳೇ ಅಂಜಿಕೆ ಕಂಡಿತು. "ಮತ್ತ ಫೋನ್ ಯಾಕ ಮಾಡೀರವ್ವಾ? ಏನ ಕೆಟ್ಟೈತಿ?" ಎಂದು ಕೇಳಿದರು.

"ಏನೂ ಕೆಟ್ಟಿಲ್ರೀ ಕಾಕಾ. ಖಂಡೇ ಪೂಜಿಗೆ ಬರ್ರಿ ಅಂತ ಕರಿಯಾಕ ಮಾಡೀನಿ. ಇಬ್ಬರೂ ಬರ್ರಿ. ಹೋಳಿಗಿ ಮಾಡತೀನಿ."

ಕಾಕಾ ನಗುತ್ತ ಫೋನನ್ನು ನನ್ನ ಕಡೆ ಸರಿಸಿದರು. ಬರುತ್ತೇವೆ ಎಂದು ನಾನೇ ಹೇಳಿದೆ.