ಸುಟ್ಟ ಇಂಗ್ಲಿಷ್, ಬಿಡಿ ಕನ್ನಡ

ಅಡಿಬರಹದ ಅಕ್ಕ ಎಂದೇ ಅವಳು ಪರಿಚಿತಳು. ಚಿತ್ರಗಳ ಕೆಳಗೆ ಮಾತನ್ನು ಅಕ್ಷರವಾಗಿಸಿ ಕೂರಿಸುವುದು ಅವಳ ಕಸುಬು, ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಗಂಡ ಬಾಯಿ ತೆರೆದರೂ ಮಾತು ಎರಡು ಸಾಲಿಗೆ ಹಿಡಿಸುತ್ತದೆಯೇ ಎಂದು ಅಳೆಯುತ್ತಾಳೆ. ಹಿಡಿಸದಿದ್ದರೆ, "ಸ್ವಲ್ಪ ಕತ್ತರಿಸ್ರೀ" ಎನ್ನುತ್ತಾಳೆ.

ಆ ಭಾನುವಾರ ಗ್ರಂಥಾಲಯದ ಮಹಡಿಯಲ್ಲಿ ಕೊಡೆ ರಿಪೇರಿಯವನೊಬ್ಬನ ಕುರಿತ ಸಾಕ್ಷ್ಯಚಿತ್ರದ ಪ್ರದರ್ಶನ. ಕೊಡೆಯವನ ಮಾತೆಲ್ಲ ಕನ್ನಡ. ಹೊರಗಿನವರಿಗೆ ಇಂಗ್ಲಿಷ್ ಸಾಲು, ಕಿವಿ ಕೇಳದವರಿಗೆ ಕನ್ನಡ ಸಾಲು, ಒಂದರ ಕೆಳಗೊಂದು. ಹಾಗೆಂದೇ ಅವಳು ಸಿದ್ಧಪಡಿಸಿದ್ದಳು. ಕಿವಿ ಕೇಳದವರಲ್ಲಿ ಮೊದಲಿಗರು ಅವಳ ಮಾವ. ಕಿವಿ ಹೋದ ಆರು ವರ್ಷದಿಂದ ಅವರು ಚಿತ್ರ ನೋಡಲು ಹೊರಟದ್ದೇ ಇಲ್ಲ. ಇವತ್ತು ಸೊಸೆಯ ಮಾತು ನಂಬಿ, ಇಸ್ತ್ರಿ ಅಂಗಿ ತೊಟ್ಟು, ಮೊದಲ ಸಾಲಿನಲ್ಲೇ ಕೂತಿದ್ದರು.

ಅರ್ಧ ಗಂಟೆ ಮುಂಚೆ ಹಾಕಿ ನೋಡಿದರೆ, ಇಂಗ್ಲಿಷಿನ ಮೇಲೆಯೇ ಕನ್ನಡ ಹತ್ತಿ ಕೂತಿತ್ತು! ಅವಸರದಲ್ಲಿ ಅವಳು ತಂದದ್ದು ಅಕ್ಷರವಿಲ್ಲದ ಶುದ್ಧ ಪ್ರತಿಯನ್ನಲ್ಲ, ಸ್ಪರ್ಧೆಗೆಂದು ಇಂಗ್ಲಿಷನ್ನು ಚಿತ್ರದೊಳಗೇ ಸುಟ್ಟು ಸೇರಿಸಿದ ಪ್ರತಿಯನ್ನು. ಶುದ್ಧ ಪ್ರತಿ ಮನೆಯಲ್ಲಿ. ಹೋಗಿಬರಲು ಎರಡು ಗಂಟೆ.

"ಇಂಗ್ಲಿಷ್ ತೆಗೆದುಬಿಡಿ ಅಕ್ಕಾ," ಎಂದ ನಿರ್ದೇಶಕ.

"ತೆಗೆಯೋಕೆ ಅದೇನು ಸ್ಟಿಕ್ಕರ್ರೇ? ಹಚ್ಚೆ ಹಾಕ್ದಂಗೆ ಕೂತಿದೆ."

"ಹಾಗಿದ್ರೆ ಕನ್ನಡ ಆಫ್ ಮಾಡಿ. ಎಲ್ರಿಗೂ ಕೇಳ್ಸುತ್ತಲ್ಲ?"

ಅವಳು ಮೊದಲ ಸಾಲಿನತ್ತ ನೋಡಿದಳು. ಮಾವ ಕನ್ನಡಕ ಒರೆಸುತ್ತಿದ್ದರು.

"ಎಲ್ರಿಗೂ ಅಲ್ಲಪ್ಪ," ಎಂದು ಲ್ಯಾಪ್‌ಟಾಪ್ ಬಿಚ್ಚಿದಳು.

ಕನ್ನಡ ಬೇರೆಯೇ ಕಡತದಲ್ಲಿತ್ತು: ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಯಾವ ಮಾತು ಎಂಬ ಪಟ್ಟಿ, ಅಷ್ಟೇ. ಸುಟ್ಟದ್ದು ಅಲ್ಲಾಡದು, ಬಿಡಿಯಾದದ್ದು ಅಲ್ಲಾಡೀತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಆಯ್ದು, ಪರದೆಯ ಮೇಲ್ಭಾಗಕ್ಕೆ ಕಳಿಸಿ, ಉಳಿಸಿದಳು. ಚಿಟಿಕೆ ಹೊಡೆಯುವುದರೊಳಗೆ ಮುಗಿಯಿತು. ಅಡಿಯಲ್ಲಿದ್ದ ಕನ್ನಡ ಮುಡಿಗೇರಿತು. ಸಭಾಂಗಣದ ಯಂತ್ರ ಆ ಜಾಗವನ್ನು ಒಪ್ಪುತ್ತದೆಯೇ ಎಂಬುದೊಂದೇ ಅಳುಕು. ಹಾಕಿ ನೋಡಿದರು, ಒಪ್ಪಿತು.

"ಅಕ್ಕಾ, ಕೊಡೆಯವರ ಹಣೆ ಮೇಲೇ ಬರೆದಂಗಿದೆ!" ನಿರ್ದೇಶಕನ ಮುಖ ಕಿವುಚಿಕೊಂಡಿತು.

"ಹಣೆಬರಹ ಅಂದ್ಕೊಂಡು ಸುಮ್ನಿರಿ."

ದೀಪ ಆರಿತು. ಪರದೆಯಲ್ಲಿ ಕೊಡೆಯವನು ಮುರಿದ ಕಡ್ಡಿಯೊಂದನ್ನು ಎತ್ತಿ ಹಿಡಿದು, ತಡೆದು ತಡೆದು ಶುರುಮಾಡಿದ: "ನನ್ ಹೆಂಡ್ತೀನೂ... ಈ ಕೊಡೆ ಥರಾನೇ... ಒಂದ್ಸಲ ಬಿಚ್ಕೊಂಡ್ರೆ... ಮುಚ್ಚೋದು ಕಷ್ಟ."

ಕೇಳುವವರು ಅವನ ಬಾಯಿಂದ ಕೊನೆಯ ಪದ ಉದುರಲೆಂದು ಕಾಯುತ್ತಿದ್ದರು. ಅಕ್ಷರಕ್ಕೆ ಆ ತಾಳ್ಮೆಯಿಲ್ಲ. ಪೂರ್ತಿ ಸಾಲು ಒಮ್ಮೆಗೇ ಮೂಡಿತ್ತು. ಮೊದಲ ಸಾಲಿನಿಂದ ಮಾವನ ನಗು ಒಂಟಿಯಾಗಿ ಹೊರಟಿತು. ಉಳಿದ ಸಭೆ ಎರಡು ಕ್ಷಣ ತಡವಾಗಿ ಅವರನ್ನು ಸೇರಿಕೊಂಡಿತು.