ಹಾಸಿಗೆಯವನು ನುಂಗದ ಮಾತ್ರೆ

ಹತ್ತಿ ಬಿಡಿಸುವ ಯಂತ್ರ ನಿಂತ ಮೇಲೂ ಆ ಅಂಗಡಿಯಲ್ಲಿ ಹತ್ತಿ ನಿಲ್ಲುತ್ತಿರಲಿಲ್ಲ. ಕಿಟಕಿಯ ಬಿಸಿಲಲ್ಲಿ ಅದರ ಎಳೆಗಳು ಏಳುತ್ತ ಇಳಿಯುತ್ತ, ಹಾಸಿಗೆಯವನ ರೆಪ್ಪೆ, ಮೀಸೆ, ಟೀ ಲೋಟ ಎಲ್ಲವನ್ನೂ ಬೆಳ್ಳಗೆ ಮಾಡುತ್ತಿದ್ದವು. ಮದುವೆ ಮನೆಗೆ ಅವನೇ ಹಾಸಿಗೆ ಮಾಡಿಕೊಡಬೇಕು, ಅಂಥ ಹೆಸರು. ಗಿರಾಕಿ ಸಂಕೋಚಪಟ್ಟು ನೆಲ ನೋಡಿದರೆ, "ಇಬ್ರು ಮಲಗೋದು ತಾನೇ? ಗುಂಡಿ ಬೀಳದ ಹಾಗೆ ಗಟ್ಟಿಯಾಗಿ ತುಂಬ್ತೀನಿ ಬಿಡಿ" ಎಂದುಬಿಡುವ ಆಸಾಮಿ. ಅಂಥವನ ಬಾಯಿಗೇ ಬೀಗ ಬಿದ್ದಿತ್ತೆಂದರೆ ಯಾರು ನಂಬುತ್ತಾರೆ?

ಬಿದ್ದದ್ದು ರಕ್ತದೊತ್ತಡದ ಮಾತ್ರೆ ಶುರುವಾದ ಮೇಲೆ. ತಲೆಸುತ್ತು ಹೋಯಿತು, ಸರಿ. ಅದರ ಬೆನ್ನಿಗೇ ಇನ್ನೊಂದೂ ಹೋಯಿತು. ಹೆಂಡತಿ ಪಕ್ಕಕ್ಕೆ ಒರಗಿದರೆ ಮನಸ್ಸು ಅವಳ ಕಡೆಗೇ ಹರಿಯುತ್ತಿತ್ತು. ಮೈ ಮಾತ್ರ ಬೇರೆ ಯಾರದೋ ಎಂಬಂತೆ ತಣ್ಣಗೆ ಬಿದ್ದಿರುತ್ತಿತ್ತು. ಮೊದಲು ಸುಸ್ತು ಎಂದ. ಆಮೇಲೆ ಸೊಂಟನೋವು ಎಂದ. ಕೊನೆಗೆ ಕೆಲಸ ಜಾಸ್ತಿ ಎಂಬ ನೆಪ ಹೂಡಿ ಅಂಗಡಿಯ ಹತ್ತಿ ರಾಶಿಯ ಮೇಲೇ ಮಲಗತೊಡಗಿದ. ಅಲ್ಲಿ ಕಣ್ಣು ಮುಚ್ಚಿದರೆ ಬಿಳಿ ಬಯಲೊಂದರ ಮೇಲೆ ತೇಲುತ್ತಿರುತ್ತಿದ್ದ. ದೂರದಲ್ಲಿ ಅವಳು ದೊಡ್ಡ ಹೊದಿಕೆಯೊಂದನ್ನು ಮಡಿಸುತ್ತ ನಿಂತಿರುತ್ತಿದ್ದಳು. ಇನ್ನೊಂದು ತುದಿ ಹಿಡಿಯಲು ಇವನು ಎಷ್ಟು ತೇಲಿದರೂ ಹತ್ತಿರವಾಗುತ್ತಿರಲಿಲ್ಲ.

ಅವಳು ಏನನ್ನೂ ಕೇಳಲಿಲ್ಲ. ಎಂದಿನಂತೆ ಅಂಗಡಿಗೆ ಬಂದು ಹಾಸಿಗೆಯ ಚೀಲ ಹೊಲಿದಳು. ಒಂದು ದಿನ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದಳು. ಅವನು ನೋಡಿದ, ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿದ. ಅವಳು ಮತ್ತೆ ಬಣ್ಣ ಹಚ್ಚಲಿಲ್ಲ.

ತಪ್ಪೆಲ್ಲ ಮಾತ್ರೆಯದೇ ಎಂದು ಅವನೇ ತೀರ್ಪು ಕೊಟ್ಟುಕೊಂಡ. ಬೆಳಿಗ್ಗೆ ಅವಳು ಅಂಗಡಿಗೆ ತಂದು ಕೊಟ್ಟದ್ದನ್ನು ನಾಲಿಗೆಯಡಿ ಇಟ್ಟುಕೊಂಡು, ನೀರು ಕುಡಿದಂತೆ ಮಾಡಿ, ಕೈಯಲ್ಲಿದ್ದ ಹಾಸಿಗೆಯ ಹತ್ತಿಯೊಳಗೆ ತುರುಕಿಬಿಡುತ್ತಿದ್ದ. ಎಷ್ಟು ನವದಂಪತಿಗಳು ಅವನ ಮಾತ್ರೆಗಳ ಮೇಲೆ ಸುಖನಿದ್ರೆ ಮಾಡುತ್ತಿದ್ದರೋ ಏನೋ! ಮೈ ಇನ್ನೂ ದಾರಿಗೆ ಬಂದಿರಲಿಲ್ಲ, ತಲೆಸುತ್ತು ಮಾತ್ರ ವಾಪಸು ಬಂತು. ಹೆಂಡತಿ ಹೆದರಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಅವನ ಮಗಳ ವಯಸ್ಸಿನವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು. ಹುಬ್ಬು ಗಂಟಾಯಿತು.

"ಮಾತ್ರೆ ದಿನಾ ತಗೋತಿದೀರಾ?"

"ಹೂಂ."

"ನಾನೇ ಕೈಯಾರೆ ಕೊಡ್ತೀನಿ ಡಾಕ್ಟ್ರೇ" ಎಂದಳು ಹೆಂಡತಿ.

"ಬೇರೆ ತೊಂದರೆ ಏನಾದ್ರೂ?"

"ಏನಿಲ್ಲ."

ಹಾಗಾದರೆ ಒಂದೇ ಮಾತ್ರೆ ಸಾಲದು, ಇನ್ನೊಂದು ಸೇರಿಸುತ್ತೇನೆ ಎಂದು ಡಾಕ್ಟರು ಬರೆದುಕೊಟ್ಟರು. ಹಾಸಿಗೆಯವನು ಚೀಟಿ ಹಿಡಿದು ಎದ್ದ. ಬಾಗಿಲ ಹಿಡಿಕೆಗೆ ಕೈ ಹಾಕಿದಾಗ, ಇನ್ನೊಂದು ಮಾತ್ರೆ, ಇನ್ನೊಂದು ಸುಳ್ಳು, ಆ ಬಿಳಿ ಬಯಲು ಮತ್ತಷ್ಟು ಅಗಲ ಎನ್ನಿಸಿತು. ತಿರುಗಿ ನಿಂತ. ಕಣ್ಣು ಗೋಡೆಯ ಮೇಲೆ.

"ಡಾಕ್ಟ್ರೇ, ಮಾತ್ರೆ ಶುರು ಆದ್ಮೇಲೆ ಹೆಂಡ್ತಿ ಜೊತೆ ಸೇರೋಕೆ ಆಗ್ತಿಲ್ಲ. ಅದಕ್ಕೇ ನುಂಗೋದೇ ಬಿಟ್ಟಿದೀನಿ."

ಹೇಳಿ ಮುಗಿದಿತ್ತು. ಅಷ್ಟು ದಿನ ಬಚ್ಚಿಟ್ಟದ್ದು ಎರಡೇ ವಾಕ್ಯ. ಡಾಕ್ಟರು ನಗಲಿಲ್ಲ, ಕುರ್ಚಿ ತೋರಿಸಿದರು.

"ಹೇಳಿದ್ದು ಒಳ್ಳೇದಾಯ್ತು. ನಾನೇ ಬಾಯಿಬಿಟ್ಟು ಕೇಳಬೇಕಿತ್ತು. ಒತ್ತಡದ ಕೆಲವು ಮಾತ್ರೆಗಳಿಂದ ಹೀಗಾಗಬಹುದು, ನಿಮ್ಮದೂ ಆ ಪೈಕಿ. ರಕ್ತದೊತ್ತಡದಿಂದಲೇ ಆಗಿರಬಹುದು, ಸಕ್ಕರೆ ಕಾಯಿಲೆಯಿಂದಲೂ ಆಗುತ್ತೆ. ರಕ್ತ ಪರೀಕ್ಷೆ ಮಾಡಿಸೋಣ. ಈ ತೊಂದರೆ ಕಡಿಮೆ ಇರೋ ಬೇರೆ ಜಾತಿಯ ಮಾತ್ರೆ ಕೊಡ್ತೀನಿ."

"ಸರಿಹೋಗುತ್ತಾ?"

"ಎಷ್ಟೋ ಜನಕ್ಕೆ ಹೋಗುತ್ತೆ, ಕೆಲವು ವಾರ ಬೇಕು. ಹೋಗದಿದ್ರೆ ಮತ್ತೆ ಬಂದು ಇದೇ ಮಾತು ಹೇಳಿ, ಬೇರೆ ದಾರಿ ಇದೆ. ಔಷಧಿ ಅಂಗಡಿಯಿಂದ ನೀವೇ ಏನೂ ತಗೋಬೇಡಿ. ಇನ್ಮೇಲೆ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ನೀವು ಬಿಟ್ಟಂಥ ಮಾತ್ರೆನ ಥಟ್ಟನೆ ನಿಲ್ಲಿಸಿದ್ರೆ ಹೃದಯಕ್ಕೇ ಏಟು ಬೀಳಬಹುದು." ಆ ಚೀಟಿ ಹರಿದು ಹೊಸದನ್ನು ಬರೆಯುತ್ತ ಕೇಳಿದರು, "ಅಷ್ಟೂ ಮಾತ್ರೆ ಎಲ್ಲಿ ಹೋದವು?"

"ಯಾರ್ಯಾರದೋ ಹಾಸಿಗೆಯೊಳಗೆ" ಎಂದ ಅವನು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ನಗಲಿಲ್ಲ. ಗಂಡನನ್ನು ನೋಡದೆ, ಡಾಕ್ಟರನ್ನೇ ಮೆಲ್ಲಗೆ ಕೇಳಿದಳು.

"ಅಂದ್ರೆ... ನನ್ನಿಂದ ಆದದ್ದಲ್ವಾ?"

"ಖಂಡಿತ ಅಲ್ಲಮ್ಮ."

ನಾಚಿಕೆಯೆಲ್ಲ ತನ್ನೊಬ್ಬನದೇ ಎಂದುಕೊಂಡಿದ್ದ ಹಾಸಿಗೆಯವನಿಗೆ ಕಣ್ಣು ಮಂಜಾಯಿತು. ಇವಳೂ ಇಷ್ಟು ದಿನ ಒಬ್ಬಳೇ ಅದನ್ನು ಹೊತ್ತುಕೊಂಡು ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು. ಅವಳ ಕೈ ಹಿಡಿದುಕೊಂಡ, ಡಾಕ್ಟರ ಎದುರಿಗೇ.

ಹೊರಗೆ ಬಂದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ರೀ, ಇವತ್ತಿಂದ ಮನೆಗೆ ಬನ್ನಿ. ಏನೂ ಆಗದಿದ್ರೂ ಪರವಾಗಿಲ್ಲ, ಪಕ್ಕದಲ್ಲಿ ಮಲಗಿ."