ತಂತಿಯ ತಳದ ಮೂರು ಹಾಳೆ

ನಮ್ಮ ಮೂವರ ಓದಿನ ವೇಳಾಪಟ್ಟಿ ಬರೆದವನು ನಾನು. ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂದಿತ್ತು, ಬುದ್ಧಿ ಹೆಚ್ಚಿದೆ ಎಂದಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ವಿಭಾಗ ಆಗಿನ್ನೂ ಹೊಸದು. ಡೇಟಾ ಸ್ಟ್ರಕ್ಚರ್ಸ್ ಎಂಬ ವಿಷಯದ ಹೆಸರು ಕೇಳಿದರೇ ನಾನು ಪುಸ್ತಕ ಮುಚ್ಚಿಡುತ್ತಿದ್ದೆ. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಶಿಗ್ಗಾಂವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂಡಿ ಓದುವುದೆಂದು ಗೊತ್ತಾಯಿತು. ಸವಣೂರಿನ ಗೆಳೆಯ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಅಜ್ಜನ ಕಾಲದಿಂದ ಶಾಸ್ತ್ರ ಓದಿದ ಮನೆತನದವನು, ಪ್ರತಿ ಮಾತಿಗೂ ಆಧಾರ ಕೇಳುತ್ತಿದ್ದ. ಹಾನಗಲ್ಲಿನ ಗೆಳೆಯ ರಜೆ ಮುಗಿಯುವವರೆಗೆ ದುಂಡಸಿಯ ಅತ್ತೆಯ ಮನೆಯಲ್ಲಿ ಉಳಿದು ಅಲ್ಲಿಂದ ಬರುತ್ತಿದ್ದ. ಅವನದು ಇದು ಎರಡನೆಯ ಪ್ರಯತ್ನ. ಈ ಸಲವೂ ಹೋದರೆ ಮುಂದಿನ ವರ್ಷದ ತರಗತಿಗೆ ಕೂರುವಂತಿರಲಿಲ್ಲ, ಒಂದು ವರ್ಷ ಮನೆಯಲ್ಲೇ.

ಮೊದಲ ದಿನವೇ ಅವನು ಮುಚ್ಚುಮರೆ ಇಲ್ಲದೆ ಹೇಳಿದ, "ನನಗ ಭಾಳ ಹೆದರಿಕಿ ಆಗೇತಿ ನೋಡ್ರಲೇ. ಬರಲಿಲ್ಲಂದ್ರ ಬರಂಗಿಲ್ಲ ಅಂತೇನಿ. ಬೈದಾದರೂ ಕಲಸ್ರಿ."

ನನಗೂ ಹೆದರಿಕೆ ಇತ್ತು. ನಾನು ನಕ್ಕು, "ಅಂಜಬ್ಯಾಡೋ, ನಾವದೇವಲ್ಲ" ಎಂದೆ.

ಹಿರೇಕೆರೂರಿನ ಒಬ್ಬ ಸೀನಿಯರ್ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೊಟ್ಟಿದ್ದ. ಒಂದೊಂದರಲ್ಲಿ ಎಂಟು ಪ್ರಶ್ನೆ, ಐದಕ್ಕೆ ಉತ್ತರ ಬರೆಯಬೇಕು. ದಿನಕ್ಕೊಂದು ಪತ್ರಿಕೆ ಎಂದು ಪಟ್ಟಿ ಹಾಕಿದೆ. ಪ್ರಶ್ನೆಗಳನ್ನು ಪಾಳಿಯ ಮೇಲೆ ಹಂಚುವುದು. ಯಾರ ಪಾಳಿಗೆ ಬಂದಿದೆಯೋ ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಬಿಡಿಸುವುದು, ಉಳಿದಿಬ್ಬರು ಅಂಕಿಗಳನ್ನು ಹಾಕಿ ಒಂದೊಂದೇ ಸಾಲು ತಾಳೆ ನೋಡುವುದು. ಅರ್ಧ ತಾಸಿನಲ್ಲಿ ಆಗದ ಪ್ರಶ್ನೆಯನ್ನು ಅದೇ ಪಾಳಿಯವನು ಒಂದು ಹಾಳೆಯಲ್ಲಿ ಬರೆದು, ದಿನ ನಮೂದಿಸಿ, ಬಾಕಿ ಇಡುವುದು. ದಿನದ ಕೊನೆಯ ತಾಸು ಬಾಕಿಗೆ ಮೀಸಲು.

ಬಾಕಿ ಹಾಳೆಗಳಿಗೆ ಅಪ್ಪನ ಅಂಗಡಿಯ ಚೀಟಿ ಚುಚ್ಚುವ ತಂತಿ ತಂದಿಟ್ಟೆ. ಮರದ ಹಲಗೆಯ ಮೇಲೆ ನೆಟ್ಟಗೆ ನಿಂತ ಚೂಪು ತಂತಿ. ಹಾಳೆಯನ್ನು ಮೇಲಿನಿಂದ ಚುಚ್ಚಬೇಕು, ಮೇಲಿನಿಂದಲೇ ತೆಗೆಯಬೇಕು.

ಮೂರನೆಯ ದಿನದ ಪತ್ರಿಕೆಯಲ್ಲಿ ನನ್ನ ಪಾಳಿಗೆ ಬೈನರಿ ಸರ್ಚ್ ಟ್ರೀ ಬಂತು, ಚಿಕ್ಕ ಅಂಕಿ ಎಡಕ್ಕೆ ದೊಡ್ಡದು ಬಲಕ್ಕೆ ಕವಲೊಡೆಯುವ ಮರ: ಎರಡು ಮಕ್ಕಳಿರುವ, ಎಂದರೆ ಕೆಳಗೆ ಎರಡು ಕವಲಿರುವ, ನೋಡ್ ಒಂದನ್ನು ಅಳಿಸಿ. ಕಾಲೇಜಿನ ಬೋರ್ಡಿನ ಮೇಲೆ ಇದನ್ನೇ ಬಿಡಿಸಲು ಹೋಗಿ ನಾನು ಮರ್ಯಾದೆ ಕಳೆದುಕೊಂಡಿದ್ದೆ. ತುದಿಯಲ್ಲಿ ಐವತ್ತು. ಎಡಕ್ಕೆ ಮೂವತ್ತು, ಬಲಕ್ಕೆ ಎಪ್ಪತ್ತು. ಎಪ್ಪತ್ತರ ಎಡಕ್ಕೆ ಅರವತ್ತು, ಬಲಕ್ಕೆ ಎಂಬತ್ತು. ಅರವತ್ತರ ಬಲಕ್ಕೆ ಅರವತ್ತೈದು. ಐವತ್ತನ್ನು ಅಳಿಸು ಎಂದರು ಮೇಷ್ಟ್ರು. ಬಲಗಡೆಯ ಅತಿ ಚಿಕ್ಕದಾದ ಅರವತ್ತನ್ನು ತುದಿಗೆ ತಂದೆ, ಅಲ್ಲಿಗೆ ಸರಿ. ಅದರ ಕೆಳಗಿದ್ದ ಅರವತ್ತೈದನ್ನು ಎಪ್ಪತ್ತರ ಎಡಕ್ಕೆ ಕಟ್ಟುವುದನ್ನು ಮರೆತೆ. "ಅರವತ್ತೈದು ಎಲ್ಲಿ ಹೋಯಿತಪ್ಪಾ?" ಎಂದು ಮೇಷ್ಟ್ರು ಕೇಳಿದರು, ಇಡೀ ಕ್ಲಾಸು ನಕ್ಕಿತು. ಅಂದಿನಿಂದ ಆ ಪ್ರಶ್ನೆ ಕಂಡರೆ ಪುಟ ಮಗುಚುತ್ತಿದ್ದೆ.

ಪತ್ರಿಕೆಗಳ ಕಟ್ಟು ನನ್ನ ಕೈಯಲ್ಲೇ ಇರುತ್ತಿತ್ತು; ಪ್ರಶ್ನೆಯನ್ನು ಗಟ್ಟಿಯಾಗಿ ಓದದೆ ಅರ್ಧ ತಾಸು ಸುಮ್ಮನೆ ಗೀಚಿ, "ಇದು ಬಾಕಿ" ಎಂದು ಹಾಳೆಯನ್ನು ತಂತಿಗೆ ಚುಚ್ಚಿದೆ. ಆಗ ತಂತಿ ಖಾಲಿಯಿತ್ತು, ಅದೇ ಮೊದಲ ಹಾಳೆ. ಮತ್ತೆರಡು ಪತ್ರಿಕೆಗಳಲ್ಲೂ ಅಂಥದೇ ಪ್ರಶ್ನೆ ಇದ್ದುದನ್ನು ನೋಡಿಟ್ಟಿದ್ದೆ. "ಎಲ್ಲಾ ಒಂದ ಕಡೆ ಇರಲಿ" ಎಂದು ಅವನ್ನೂ ಬರೆದು ಅದರ ಮೇಲೆಯೇ ಚುಚ್ಚಿದೆ. ಅದೇ ಸಂಜೆ ಇನ್ನೆರಡು ಬಾಕಿ ಬಂದು ಅವುಗಳ ಮೇಲೆ ಕುಳಿತವು.

ಆಮೇಲೆ ನಡೆದದ್ದು ಇಷ್ಟೇ. ಕೊನೆಯ ತಾಸಿನಲ್ಲಿ ಮೇಲಿನ ಒಂದೆರಡು ಹಾಳೆ ಇಳಿಯುತ್ತಿದ್ದವು, ಮರುದಿನ ಮತ್ತೆರಡು ಏರುತ್ತಿದ್ದವು. ತಳದ ಮೂರಕ್ಕೆ ಪಾಳಿಯೇ ಬರಲಿಲ್ಲ. ಸ್ಟ್ಯಾಕ್ ಎಂದರೆ ಕೊನೆಗೆ ಬಂದದ್ದು ಮೊದಲು ಹೊರಗೆ, ಕ್ಯೂ ಎಂದರೆ ಮೊದಲು ಬಂದದ್ದು ಮೊದಲು ಹೊರಗೆ ಎಂದು ಮೂವರೂ ಗಿಣಿಯಂತೆ ಒಪ್ಪಿಸುತ್ತಿದ್ದೆವು. ಕಣ್ಣೆದುರಿನ ತಂತಿ ಸ್ಟ್ಯಾಕ್ ಎಂಬುದು ಅವರಿಬ್ಬರಿಗೆ ಹೊಳೆಯಲಿಲ್ಲ. ಅದನ್ನು ನಾವು ಬಾಯಲ್ಲಿ "ಪಾಳಿ" ಎಂದೇ ಕರೆಯುತ್ತಿದ್ದೆವು, ಅದೊಂದು ಸರದಿಯ ಸಾಲು ಎಂಬಂತೆ; ಆ ಹೆಸರೇ ಅವರನ್ನು ಮೋಸಗೊಳಿಸಿತು. ನನಗೆ ಹೊಳೆದಿತ್ತು. ಸವಣೂರಿನವನು ತಂತಿಯ ಕಡೆ ನೋಡಿದಾಗಲೆಲ್ಲ ನಾನು ಬೇರೆ ಪ್ರಶ್ನೆ ಎತ್ತುತ್ತಿದ್ದೆ. ಹಾಳೆಗಳನ್ನು ತೆಗೆದು ತಿರುವುಮುರುವಾಗಿ ಹಾಕಿದರೆ ಮುಗಿಯುತ್ತಿತ್ತು. ಹಾಕಲಿಲ್ಲ. ನನ್ನ ದಡ್ಡತನ ಹೊರಬೀಳುತ್ತದೆಂಬ ಅಂಜಿಕೆ ಹಾನಗಲ್ಲಿನವನ ಒಂದು ವರ್ಷಕ್ಕಿಂತ ನನಗೆ ದೊಡ್ಡದಾಗಿತ್ತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವ್ವ ಒಮ್ಮೆ ಅವಲಕ್ಕಿ ತಂದಿಟ್ಟು, ತಂತಿ ನೋಡಿ, "ತೆಳಗಿನ ಹಾಳಿ ಹಳದಿ ಆಗಾಕತ್ತಾವಲ್ಲೋ, ಅವನ್ನ ಯಾವಾಗ ಓದ್ತೀರಿ?" ಎಂದಳು.

"ಓದ್ತೇವಿ, ನೀ ಸುಮ್ನಿರು" ಎಂದು ಸಿಡುಕಿದೆ. ಹಾನಗಲ್ಲಿನವನು, "ಯಾಕಲೇ, ಅವ್ವಾರು ಖರೇನ ಕೇಳಿದ್ರಲ್ಲ" ಎಂದು ಕೈ ಚಾಚಿದ. ನಾನು ಅವಲಕ್ಕಿಯ ತಾಟನ್ನು ಆ ಕೈಗಿಟ್ಟೆ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಎಂಟರಲ್ಲಿ ನಾನು ಅದನ್ನು ಬಿಟ್ಟು ಐದನ್ನು ಹೇಗೋ ಬರೆದೆ. ಹಾನಗಲ್ಲಿನವನಿಗೆ ಬರುತ್ತಿದ್ದವು ನಾಲ್ಕೇ. ಐದನೆಯದಾಗಿ ಮರವನ್ನು ಹಿಡಿದು ಅರ್ಧಕ್ಕೇ ಕೈಬಿಟ್ಟಿದ್ದ. ಹಾಲ್‌ನಿಂದ ಹೊರಗೆ ಬಂದವನ ತುಟಿ ಒಣಗಿತ್ತು.

"ಈ ಅಳಸೋ ಪ್ರಶ್ನಿ ನಮ್ಮ ಹಳೇ ಪೇಪರನ್ಯಾಗ ಬಂದಿತ್ತೇನೋ?" ಎಂದ.

"ಇಲ್ಲಲೇ" ಎಂದೆ. ಆ ಸುಳ್ಳಿಗೆ ನಾನು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

ಫಲಿತಾಂಶದಲ್ಲಿ ನನ್ನ ನಂಬರಿತ್ತು, ಸವಣೂರಿನವನದಿತ್ತು. ಹಾನಗಲ್ಲಿನವನದಿರಲಿಲ್ಲ. ಸ್ವಲ್ಪವೇ ಅಂಕ ಕಡಿಮೆ ಬಿದ್ದಿದ್ದವು ಎಂದು ಆಮೇಲೆ ತಿಳಿಯಿತು.

ಕೆಲವು ದಿನಗಳ ಮೇಲೆ, ಮತ್ತೆ ಅತ್ತೆಯ ಮನೆಗೆ ಬಂದಿದ್ದ ಅವನ ಚೀಟಿ ದುಂಡಸಿಯಿಂದ ಬಂತು: ಮತ್ತೆ ಪರೀಕ್ಷೆ ಕಟ್ಟುತ್ತೇನೆ, ಬಾಕಿ ಹಾಳೆ ಬೇಕು, ಶುಕ್ರವಾರ ಬಸ್‌ಸ್ಟ್ಯಾಂಡಿಗೆ ತಾ. ತಂತಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಮೂರು ಹಾಳೆ ಕಿತ್ತರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಅದೇ ಪ್ರಶ್ನೆ ಮತ್ತೆ ಬಂದರೆ? ಒಂದೊಂದೇ ಹಾಳೆ ಕಿತ್ತು ಬೇರೊಂದು ತಂತಿಗೆ ಚುಚ್ಚಿದೆ. ತಳದ್ದು ಮೇಲೆ ಬಂತು. ಅರವತ್ತೈದನ್ನು ಎಲ್ಲಿ ಕಟ್ಟಬೇಕೆಂದು ಹಾಳೆಯ ಬೆನ್ನಿಗೆ ಬಿಡಿಸಿದೆ, ಎರಡು ಸಲ ತಪ್ಪಿದರೂ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಅವನು ಮೊದಲ ಹಾಳೆ ಓದಿದ. ಎರಡನೆಯದು. ಮೂರನೆಯದು. ದಿನ ನೋಡಿದ. ಅಕ್ಷರ ನೋಡಿದ.

"ಮೂರನೇ ದಿನದಿಂದ ಇಲ್ಲೇ ಇದ್ದುವೇನು?"

"ಹೂಂ. ಹೆದರಿಕಿ ಆಗಿತ್ತೋ ನನಗ. ಬರ್ತಿದ್ದಿಲ್ಲ."

ಅವನು ಹಾಳೆಗಳನ್ನು ಜೋಡಿಸಿ ಚೀಲಕ್ಕಿಟ್ಟ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಬದುಕುತ್ತಿದ್ದೆ.

"ನನಗೂ ಹೆದರಿಕಿ ಇತ್ತು" ಎಂದ. "ನಾ ನಿನ್ನ ಮುಂದ ಹೇಳಿದ್ದೆ."

ದುಂಡಸಿಯ ಬಸ್ಸು ಬಂತು. ಅವನು ಹತ್ತಿ ಆಚೆ ಬದಿಯ ಕಿಟಕಿಗೆ ಕುಳಿತ.